ಅಜ್ಜಿಯ ಕಣ್ಣೀರು ಬೇಡ, 1.8 ಇರಲಿ

ಬ್ರಿಟನ್ನಿನಲ್ಲಿ ಪದವಿ ತರಗತಿಗೆ ಸೇರಬೇಕೆಂದರೆ ಯುಕಾಸ್ ಎಂಬ ಸಂಸ್ಥೆಯ ಮೂಲಕವೇ ಅರ್ಜಿ ಹಾಕಬೇಕು. ಅಂಕಗಳ ಜೊತೆಗೆ ತನ್ನ ಬಗ್ಗೆ, ತನ್ನ ಆಸಕ್ತಿಯ ಬಗ್ಗೆ ವಿದ್ಯಾರ್ಥಿಯೇ ಬರೆದ ಒಂದು ಬರಹವೂ ಇರಬೇಕು. 2007ರಲ್ಲಿ ಯುಕಾಸ್ ಇಂಥ ಸುಮಾರು 50,000 ಬರಹಗಳನ್ನು ಕಂಪ್ಯೂಟರಿಗೆ ಹಾಕಿ ಒಂದರೊಡನೊಂದು ಹೋಲಿಸಿ ನೋಡಿತು. ಅವುಗಳಲ್ಲಿ 234 ಮಂದಿ ತಮ್ಮ ಎಂಟನೇ ವಯಸ್ಸಿನಲ್ಲಿ ಕೆಮಿಸ್ಟ್ರಿ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟು ತೂತು ಮಾಡಿಕೊಂಡಿದ್ದರು. ಇನ್ನು 175 ಮಂದಿಯ ಮನೆಯಲ್ಲಿ ಕಾಯಿಲೆಯ ಅಥವಾ ತೀರಾ ವಯಸ್ಸಾದ ತಾತ ಇದ್ದರು. ಪೈಜಾಮ ನಿಜಕ್ಕೂ ಸುಟ್ಟದ್ದು ಯಾರೋ ಒಬ್ಬರದಿರಬಹುದು. ಉಳಿದವರು ಮಾದರಿ ಬರಹ ನೋಡಿ ಇಳಿಸಿಕೊಂಡವರು.

ನಮ್ಮ ಕಡೆಯ ಪೈಜಾಮ ಬೇರೆ. ಎಂ.ಎಸ್. ಮಾಡಲು ಹೊರದೇಶಕ್ಕೆ ಹೊರಟ ಹುಡುಗ ಹುಡುಗಿಯರ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’, ಅಂದರೆ ಎಲ್ಲರೂ ಎಸ್‌ಒಪಿ ಎನ್ನುವ ಉದ್ದೇಶಪತ್ರ, ಓದಿ ತಿದ್ದಿಕೊಡುವ ಕೆಲಸ ನನಗೆ ಹೇಗೋ ಅಂಟಿಕೊಂಡಿದೆ. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಿಗೆ ಡಿಸೆಂಬರ್, ಜನವರಿಯಲ್ಲಿ ಅರ್ಜಿ ಮುಗಿಯುವುದರಿಂದ ದೀಪಾವಳಿ ಹೊತ್ತಿಗೆ ಇವು ಒಂದೊಂದಾಗಿ ಬರತೊಡಗುತ್ತವೆ. ಕಂಪ್ಯೂಟರ್ ಓದಿದವರೆಲ್ಲ ಚಿಕ್ಕಂದಿನಲ್ಲಿ ರೇಡಿಯೊ ಬಿಚ್ಚಿದವರು, ಇಲ್ಲವೇ ಅಪ್ಪ ತಂದ ಮೊದಲ ಕಂಪ್ಯೂಟರಿನ ಮುಂದೆ ಬೆರಗಾಗಿ ಕೂತವರು. ಎರಡನೇ ಸಾಲಿಗೆ ಅಬ್ದುಲ್ ಕಲಾಂ ಬರುತ್ತಾರೆ. ಮೂರನೇ ಸಾಲಿಗೆ ‘ಪ್ಯಾಷನ್’. ಕೊನೆಗೆ ಎಲ್ಲರೂ ತಾಯ್ನಾಡಿಗೆ ಮರಳಿ ಸೇವೆ ಸಲ್ಲಿಸುತ್ತಾರೆ. ಸುಳ್ಳು ಹೇಳಬೇಕೆಂದು ಯಾರೂ ಕೂತು ಬರೆದದ್ದಲ್ಲ ಇದು. ಸೀನಿಯರ್ ಕೊಟ್ಟ ಮಾದರಿಯಲ್ಲಿ ಹಾಗಿತ್ತು, ಅವರಿಗೆ ಸೀಟೂ ಸಿಕ್ಕಿತ್ತು, ಅಷ್ಟೇ.

ಈ ಪತ್ರ ಓದುವವರು ಯಾರೆಂದು ಗೊತ್ತಾದರೆ ತಿದ್ದುವುದು ಅರ್ಧ ಸಲೀಸು. ಓದುವವರು ಆಯಾ ವಿಭಾಗದ ಪ್ರಾಧ್ಯಾಪಕರು. ಮುಂದೆ ಅರ್ಜಿಗಳ ರಾಶಿ ಇರುತ್ತದೆ, ಸಂಜೆಯ ಹೊತ್ತಿಗೆ ಕಣ್ಣು ದಣಿದಿರುತ್ತದೆ. ಅಂಕಪಟ್ಟಿ ಅವರ ಬಳಿ ಬೇರೆ ಇದೆ, ನಿಮ್ಮ ಮೇಷ್ಟ್ರುಗಳ ಶಿಫಾರಸು ಪತ್ರಗಳೂ ಇವೆ. ಅವು ಹೇಳದ್ದನ್ನು ಈ ಒಂದೆರಡು ಪುಟ ಹೇಳಬೇಕು: ಈ ವಿಷಯದಲ್ಲಿ ನೀನು ಕೈಯಾರೆ ಏನು ಮಾಡಿದ್ದೀಯ, ಯಾವುದು ನಿನಗೆ ಇನ್ನೂ ಗೊತ್ತಾಗಿಲ್ಲ, ಅದನ್ನು ಕಲಿಯಲು ಇಲ್ಲಿಗೇ ಯಾಕೆ ಬರಬೇಕು. ಮನೆಯ ಕಷ್ಟ, ಬೆಳೆದ ಬಗೆ ಇವೆಲ್ಲ ಬೇಡವೆಂದಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಅದಕ್ಕಾಗಿಯೇ ಇನ್ನೊಂದು ಪತ್ರ ಕೇಳುತ್ತಾರೆ. ಡ್ರೂ ಆ್ಯಪಲ್‌ಬಿ ಮತ್ತು ಕ್ಯಾರೆನ್ ಆ್ಯಪಲ್‌ಬಿ ಎಂಬ ಇಬ್ಬರು 2006ರಲ್ಲಿ ಮನಶ್ಶಾಸ್ತ್ರ ವಿಭಾಗಗಳ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನು ಕೇಳಿ, ಒಳ್ಳೆಯ ಅರ್ಜಿಯನ್ನೂ ಕೆಡಿಸುವ ಸಂಗತಿಗಳನ್ನು ಪಟ್ಟಿ ಮಾಡಿದರು. ಅತಿಯಾಗಿ ಸ್ವಂತ ಗೋಳು ತೋಡಿಕೊಳ್ಳುವುದು, ಲೋಕೋದ್ಧಾರದ ಮಾತಾಡುವುದು, ಎರಡೂ ಆ ಪಟ್ಟಿಯಲ್ಲಿದ್ದವು. ನಮ್ಮವರು ಮೊದಲ ಪ್ಯಾರಾಕ್ಕೂ ಕೊನೆಯ ಪ್ಯಾರಾಕ್ಕೂ ಆರಿಸಿಕೊಳ್ಳುವುದು ಇವೆರಡನ್ನೇ.

ಒಂದು ಪತ್ರವನ್ನೇ ಹಿಡಿದು ನೋಡೋಣ. ಸಿವಿಲ್ ಎಂಜಿನಿಯರಿಂಗ್ ಓದಿ, ಒಂದು ವರ್ಷ ಕೆಲಸ ಮಾಡಿ, ಪರಿಸರ ಎಂಜಿನಿಯರಿಂಗಿನಲ್ಲಿ ಎಂ.ಎಸ್.ಗೆ ಅರ್ಜಿ ಹಾಕುತ್ತಿದ್ದ ಹುಡುಗಿಯದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೂಲ ಇಂಗ್ಲಿಷಿನದು, ಶುರುವಾಗುವುದು ಹೀಗೆ:

“ಬಾಲ್ಯದಿಂದಲೂ ನೀರೆಂದರೆ ನನಗೆ ಎಲ್ಲಿಲ್ಲದ ಸೆಳೆತ. ಫ್ಲೋರೈಡ್ ನೀರು ಕುಡಿದ ನನ್ನ ಅಜ್ಜಿ ಕೀಲುನೋವಿನಿಂದ ಕಣ್ಣೀರಿಡುವುದನ್ನು ಕಂಡ ದಿನವೇ ಈ ಪಿಡುಗನ್ನು ಬೇರುಸಹಿತ ಕೀಳುವ ಪಣ ತೊಟ್ಟೆ. ಅಂತಿಮ ವರ್ಷದಲ್ಲಿ ನನ್ನ ನೇತೃತ್ವದ ತಂಡ ಕ್ರಾಂತಿಕಾರಿಯಾದ ಅಗ್ಗದ ಫಿಲ್ಟರ್ ಒಂದನ್ನು ಅಭಿವೃದ್ಧಿಪಡಿಸಿ, ಶೇ 58ರಷ್ಟು ಫ್ಲೋರೈಡ್ ತೆಗೆದುಹಾಕಿ, ಗ್ರಾಮೀಣ ಭಾರತದ ಲಕ್ಷಾಂತರ ಜನರಿಗೆ ಪರಿಹಾರ ಕಂಡುಕೊಂಡಿತು.”

ಇದನ್ನು ಪೆನ್ನು ಹಿಡಿದು ತಿದ್ದಲು ಹೋದರೆ ಕೆಲಸ ಕೆಟ್ಟಿತು. ‘ಕ್ರಾಂತಿಕಾರಿ’ ಹೊಡೆದು ‘ಉಪಯುಕ್ತ’ ಎಂದು ಬರೆಯಬಹುದು, ‘ಲಕ್ಷಾಂತರ’ ಹೊಡೆದು ‘ಸಾವಿರಾರು’ ಎನ್ನಬಹುದು. ಉತ್ಪ್ರೇಕ್ಷೆ ಕಡಿಮೆಯಾಗುತ್ತದೆ, ಆದರೆ ಏನು ನಡೆಯಿತೆಂದು ಓದುವವನಿಗೆ ಗೊತ್ತಾಗುವುದಿಲ್ಲ. ಯಾಕೆಂದರೆ ನಡೆದದ್ದು ಈ ಪ್ಯಾರಾದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಕಾಗದ ಮಡಿಸಿಟ್ಟು ಕೇಳುತ್ತೇನೆ. ಕನ್ನಡದಲ್ಲೇ ಕೇಳುತ್ತೇನೆ, ಇಂಗ್ಲಿಷಿನಲ್ಲಿ ಕೇಳಿದರೆ ಪತ್ರದ ಸಾಲುಗಳೇ ಬಾಯಿಪಾಠವಾಗಿ ಹೊರಬರುತ್ತವೆ.

“ಅಜ್ಜಿ ಎಲ್ಲಿರೋದಮ್ಮ?”

“ಶಿವಮೊಗ್ಗದಲ್ಲಿ, ಸರ್.”

“ಅಲ್ಲಿ ಕುಡಿಯೋದು ತುಂಗಾ ನೀರಲ್ವಾ?”

ಅವಳಿಗೇ ನಗು ಬಂತು. ಅಜ್ಜಿಗೆ ಮಂಡಿನೋವು ಇರುವುದು ನಿಜ, ಆ ವಯಸ್ಸಿಗೆ ಬರುವಂಥದ್ದೇ. ಫ್ಲೋರೈಡಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಾಜೆಕ್ಟ್ ಸಿಕ್ಕಿದ ಬಗೆಯೂ ಸಾದಾ ಆದದ್ದು. ಗೈಡ್ ಕೊಟ್ಟ ಪಟ್ಟಿಯಲ್ಲಿದ್ದ ಕಾಂಕ್ರೀಟಿನ ವಿಷಯಗಳನ್ನೆಲ್ಲ ಬೇರೆ ತಂಡಗಳು ಎತ್ತಿಕೊಂಡಿದ್ದವು, ಇದು ಉಳಿದಿತ್ತು. ಸೋದರಮಾವ ಪಾವಗಡದ ಕಡೆ ಇದ್ದರು, ಮಾದರಿ ನೀರು ತರಲು ಅನುಕೂಲವಾಯಿತು. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಕತೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಇವಳು ತಂದ ಮಾದರಿಗಳಲ್ಲಿ ಹಲವು ಅದನ್ನು ದಾಟಿದ್ದವು.

ತಂಡದಲ್ಲಿ ನಾಲ್ವರು. ತೆಂಗಿನ ಚಿಪ್ಪನ್ನು ಇದ್ದಿಲು ಮಾಡಿ, ಪಟಿಕದ ದ್ರಾವಣದಲ್ಲಿ ನೆನೆಸಿ, ಒಣಗಿಸಿ ಹೀರುಪುಡಿ ತಯಾರಿಸಿದವರು ಇಬ್ಬರು ಹುಡುಗರು. ವರದಿ ಬರೆದದ್ದು ಇನ್ನೊಬ್ಬಳು. ಇವಳು ಮಾವನ ಬೈಕಿನ ಹಿಂದೆ ಕೂತು 12 ಬೋರ್‌ವೆಲ್‌ಗಳಿಂದ ನೀರು ತಂದಳು, ಫ್ಲೋರೈಡ್ ಅಳೆಯುವ ಕೆಲಸವನ್ನು ಪೂರ್ತಿ ತಾನೇ ಮಾಡಿದಳು. ಸ್ಪ್ಯಾಡ್‌ನ್ಸ್ ಎಂಬ ಕೆಂಪು ಬಣ್ಣದ ದ್ರಾವಣವನ್ನು ನೀರಿಗೆ ಬೆರೆಸುತ್ತಾರೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ಮಾಸುತ್ತದೆ, ಎಷ್ಟು ಮಾಸಿತೆಂದು ಸ್ಪೆಕ್ಟ್ರೊಫೋಟೋಮೀಟರ್ ಹೇಳುತ್ತದೆ. ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಎಲ್ಲೂ ‘ನೇತೃತ್ವ’ ಬರಲಿಲ್ಲ.

ಪತ್ರದಲ್ಲಿದ್ದ ಶೇ 58 ಎಲ್ಲಿಂದ ಬಂತೆಂದು ಕೇಳಿದೆ. ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಹಾಕಿ ತಾವೇ ತಯಾರಿಸಿಕೊಂಡ ನೀರು. ಅದರಲ್ಲಿ 2.6 ಇದ್ದದ್ದು 1.1ಕ್ಕೆ ಇಳಿಯಿತು.

“ಬೋರ್‌ವೆಲ್ ನೀರಲ್ಲಿ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅದು ಸರಿಯಾಗಿ ಬರಲಿಲ್ಲ ಸರ್. ಅದೇ 2.6 ಇದ್ದ ನೀರು 1.8ಕ್ಕೆ ನಿಂತುಬಿಡ್ತು. ಮಷಿನ್ನೇ ಕೆಟ್ಟಿದೆ ಅಂತ ಸ್ಟ್ಯಾಂಡರ್ಡ್ ಮತ್ತೆ ಹಾಕಿ ನೋಡಿದೆ. ಮಷಿನ್ ಸರಿಯಾಗೇ ಇತ್ತು. ಅದಕ್ಕೇ ಎಸ್‌ಒಪಿಯಲ್ಲಿ ಬಿಟ್ಟೆ.”

ಈ ಪತ್ರದಲ್ಲಿ ಇರಬೇಕಾಗಿದ್ದ ಸಂಗತಿ ಅವಳು ಬಿಟ್ಟ ಅದೇ 1.8. ತಾನು ತಯಾರಿಸಿದ ಶುದ್ಧ ನೀರಿನಲ್ಲಿ ಹೀರುಪುಡಿ ಕೆಲಸ ಮಾಡುವುದು ದೊಡ್ಡ ಸುದ್ದಿಯಲ್ಲ, ಹಾಗೆ ಕೆಲಸ ಮಾಡುವ ಪುಡಿಗಳು ಎಷ್ಟೋ ಇವೆ. ಹಳ್ಳಿಯ ನೀರಿನಲ್ಲಿ ಅದು ಯಾಕೆ ಸೋತಿತು ಎನ್ನುವುದು ಪ್ರಶ್ನೆ. ಬಂಡೆ ನೆಲದ ಫ್ಲೋರೈಡ್ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ಹೆಚ್ಚು, ಕ್ಷಾರತೆಯೂ ಹೆಚ್ಚು. ಅಲ್ಯೂಮಿನಿಯಂ ಲೇಪದ ಪುಡಿಗಳು ಕೊಂಚ ಆಮ್ಲೀಯ ನೀರಿನಲ್ಲಿ ಚೆನ್ನಾಗಿ ಹೀರುತ್ತವೆ, ಕ್ಷಾರ ಏರಿದಂತೆ ಸೋಲುತ್ತವೆ. ಇದು ಆ ಕ್ಷೇತ್ರದವರಿಗೆಲ್ಲ ಗೊತ್ತು. ಶೇ 58 ಎಂದು ಬರೆದು ಯಾವ ನೀರು ಎಂದು ಹೇಳದಿದ್ದರೆ ಅವರ ಕೈಯಲ್ಲಿನ ಪೆನ್ನು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಸಂಗತಿಯೂ ಮಾತಿನ ನಡುವೆ ಹೊರಬಂತು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಒಬ್ಬರು, “ಪಟಿಕ ಹಾಕಿದ್ದೀರಲ್ಲ, ಶುದ್ಧಿ ಮಾಡಿದ ನೀರಿನಲ್ಲಿ ಅಲ್ಯೂಮಿನಿಯಂ ಎಷ್ಟಿದೆ ನೋಡಿದಿರಾ?” ಎಂದು ಕೇಳಿದ್ದರಂತೆ. ನೋಡಿರಲಿಲ್ಲ. ಪ್ರಶ್ನೆ ಬರೀ ಆರೋಗ್ಯದ್ದಲ್ಲ. ನೀರಿಗೆ ಅಲ್ಯೂಮಿನಿಯಂ ಬಿಟ್ಟುಕೊಂಡಿದ್ದರೆ ಸ್ಪ್ಯಾಡ್‌ನ್ಸ್ ವಿಧಾನ ಫ್ಲೋರೈಡನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅಂದರೆ ಆ 1.1 ಕೂಡ ಪೂರ್ತಿ ನಂಬುವ ಸಂಖ್ಯೆಯಲ್ಲ. ‘ಪರಿಹಾರ ಕಂಡುಕೊಂಡೆವು’ ಎಂದು ಬರೆದ ಪತ್ರ ಇದೇ ವಿಷಯದಲ್ಲಿ ಕೆಲಸ ಮಾಡುವ ಪ್ರಾಧ್ಯಾಪಕರ ಕೈಗೆ ಬಿದ್ದರೆ ಏನಾಗುತ್ತದೆಂದು ಯೋಚಿಸಿ.

ಅವಳು ಕನ್ನಡದಲ್ಲಿ ಹೇಳಿದ್ದನ್ನು ಹಾಗೇ ಗುರುತು ಹಾಕಿಕೊಂಡು, ಅದನ್ನೇ ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದೆ. ಎರಡು ಮೂರು ಸುತ್ತಿನ ಮೇಲೆ ಆ ಪ್ಯಾರಾ ಹೀಗೆ ನಿಂತಿತು:

“ಅಂತಿಮ ವರ್ಷದಲ್ಲಿ ನಾವು ನಾಲ್ವರು, ಪಟಿಕ ಲೇಪಿಸಿದ ತೆಂಗಿನ ಚಿಪ್ಪಿನ ಇದ್ದಿಲು ನೀರಿನ ಫ್ಲೋರೈಡನ್ನು ಎಷ್ಟು ಹೀರುತ್ತದೆಂದು ಪರೀಕ್ಷಿಸಿದೆವು. ಪಾವಗಡ ತಾಲ್ಲೂಕಿನ 12 ಬೋರ್‌ವೆಲ್‌ಗಳಿಂದ ಮಾದರಿ ತಂದದ್ದು, ಫ್ಲೋರೈಡ್ ಅಳೆದದ್ದು ನನ್ನ ಪಾಲಿನ ಕೆಲಸ. ಲ್ಯಾಬಿನಲ್ಲಿ ತಯಾರಿಸಿದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.6 ಮಿಲಿಗ್ರಾಂನಿಂದ 1.1ಕ್ಕೆ ಇಳಿಯಿತು. ಅಷ್ಟೇ ಫ್ಲೋರೈಡ್ ಇದ್ದ ಬೋರ್‌ವೆಲ್ ನೀರಿನಲ್ಲಿ 1.8ಕ್ಕೆ ನಿಂತಿತು. ಉಪಕರಣದ ದೋಷವೆಂದುಕೊಂಡು ಮತ್ತೆ ಅಳೆದೆ, ಅದೇ ಬಂತು. ಆ ನೀರಿನ ಕ್ಷಾರತೆ ಹೆಚ್ಚಿತ್ತು. ಬೈಕಾರ್ಬನೇಟ್ ಅಡ್ಡಬಂದಿರಬಹುದೆಂದು ಊಹಿಸಿದೆವು, ಆದರೆ ಅದನ್ನು ಬೇರೆಯಾಗಿ ಪರೀಕ್ಷಿಸಲಿಲ್ಲ. ಶುದ್ಧಿಯಾದ ನೀರಿನ ಅಲ್ಯೂಮಿನಿಯಂ ಕೂಡ ಅಳೆಯಲಿಲ್ಲ. ಲ್ಯಾಬಿನ ನೀರಿಗೂ ನೆಲದ ನೀರಿಗೂ ನಡುವಿನ ಈ ಅಂತರವನ್ನು ಅರ್ಥ ಮಾಡಿಕೊಳ್ಳುವುದು ನಾನು ಎಂ.ಎಸ್.ಗೆ ಬರುತ್ತಿರುವ ಮುಖ್ಯ ಕಾರಣ.”

‘ಪ್ಯಾಷನ್’ ಎಂಬ ಮಾತು ಈಗ ಇಲ್ಲ. ಆದರೆ ಸಂಖ್ಯೆ ಒಪ್ಪದೆ ಮತ್ತೆ ಅಳೆದ ಹುಡುಗಿ ಅಲ್ಲಿದ್ದಾಳೆ. ಅಜ್ಜಿ ಹೋದರು. ಕಾಂಕ್ರೀಟಿನ ವಿಷಯ ಸಿಗದೆ ಇದು ಸಿಕ್ಕಿತೆಂಬುದನ್ನೂ ಬರೆಯಲಿಲ್ಲ. ಇದ್ದದ್ದನ್ನೆಲ್ಲ ಹೇಳಬೇಕೆಂಬ ನಿಯಮವಿಲ್ಲ, ಹೇಳಿದ್ದು ಇದ್ದಂತೆ ಇದ್ದರೆ ಸಾಕು. “ಅಳೆಯಲಿಲ್ಲ ಅಂತ ನಾವೇ ಒಪ್ಪಿಕೊಂಡರೆ ನೆಗೆಟಿವ್ ಆಗಲ್ವಾ ಸರ್?” ಎಂದು ಅವಳು ಕೇಳಿದಳು. ಎಲ್ಲರೂ ಕೇಳುವ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ, ಕೆಲಸದ ಮಿತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರೆ ಅದು ತಿಳಿವಳಿಕೆ. ಅದರ ಬಗ್ಗೆಯೇ ನಾಲ್ಕು ಸಾಲು ಕೊರಗಿದರೆ ಆಗ ನೆಗೆಟಿವ್.

ಎರಡನೇ ಪ್ಯಾರಾ ಕೆಲಸದ್ದು. ಅದರಲ್ಲಿ ಅವಳು ‘ಸಾವಿರಾರು ನಿವಾಸಿಗಳ ತ್ಯಾಜ್ಯನೀರು ನಿರ್ವಹಣೆಯ ಹೊಣೆ ಹೊತ್ತು’ ಎಂದು ಬರೆದಿದ್ದಳು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ ಅವಳದು ಟ್ರೇನಿ ಹುದ್ದೆ. ದಿನವೂ ಏನು ಮಾಡುತ್ತಿದ್ದೆ ಎಂದರೆ, “ಬಿಡಿ ಸರ್, ಕೊಳಚೆ ನೀರಿನ ವಿಷಯ, ಅದನ್ನೇನು ಬರೆಯೋದು” ಎಂದಳು. ಪರಿಸರ ಎಂಜಿನಿಯರಿಂಗಿಗೆ ಅರ್ಜಿ ಹಾಕುತ್ತಿರುವವಳ ಮಾತು ಇದು!

ಒಂದು ಲೀಟರಿನ ಗಾಜಿನ ಸಿಲಿಂಡರಿನಲ್ಲಿ ಗಾಳಿ ತೊಟ್ಟಿಯ ನೀರು ತುಂಬಿ, ಅರ್ಧ ಗಂಟೆ ಅಲುಗಾಡಿಸದೆ ಇಟ್ಟು, ಕೆಸರು ಎಷ್ಟು ಮಿಲಿಲೀಟರಿಗೆ ಕುಳಿತಿತೆಂದು ಬರೆದುಕೊಳ್ಳುವುದು ಅವಳ ಕೆಲಸ. ಒಂದು ಅಪಾರ್ಟ್‌ಮೆಂಟಿನಲ್ಲಿ ಅದು 300ರ ಆಸುಪಾಸಿಗೆ ಇಳಿಯುತ್ತಿದ್ದದ್ದು ಕೆಲವೇ ವಾರಗಳಲ್ಲಿ 700 ದಾಟಿತು. ಕೆಸರು ಕೂರುತ್ತಲೇ ಇರಲಿಲ್ಲ. ಸದ್ದಾಗುತ್ತದೆಂದು ನಿವಾಸಿಗಳು ದೂರಿದ್ದಕ್ಕೆ ರಾತ್ರಿ ಹೊತ್ತು ಬ್ಲೋವರ್ ಆಫ್ ಮಾಡುತ್ತಿದ್ದಾರೆಂದು ಅವಳಿಗೆ ತಿಳಿದದ್ದು ವಾಚ್‌ಮನ್ ಜೊತೆ ಮಾತಾಡಿದಾಗ. ಗಾಳಿ ಸಾಲದಿದ್ದರೆ ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಿ ಕೆಸರು ಹಗುರಾಗುತ್ತದೆ. ಅವಳು ಹೇಳಿದಳು, ಸೂಪರ್‌ವೈಸರ್ ಬ್ಲೋವರ್ ಮತ್ತೆ ಹಾಕಿಸಿದರು, ಸಂಖ್ಯೆ ಮೆಲ್ಲನೆ ಇಳಿಯಿತು. ‘ನಾನು ಸಮಸ್ಯೆ ಬಗೆಹರಿಸಿದೆ’ ಎಂದು ಬರೆಯುವ ಆಸೆ ಇಲ್ಲಿ ಸಹಜವಾಗಿಯೇ ಬಂತು. ‘ಸಂಖ್ಯೆ ಏರಿದ್ದನ್ನು ಗಮನಿಸಿದೆ, ಕಾರಣ ವಿಚಾರಿಸಿದೆ, ಸೂಪರ್‌ವೈಸರಿಗೆ ತಿಳಿಸಿದೆ’ ಎಂದು ಇಟ್ಟೆವು. ಮೂರೂ ಅವಳೇ ಮಾಡಿದ ಕೆಲಸಗಳು, ಮೂರನ್ನೂ ಯಾರು ಬೇಕಾದರೂ ವಿಚಾರಿಸಬಹುದು. ಶಿಫಾರಸು ಪತ್ರ ಬರೆಯುವವರು ಅದೇ ಸೂಪರ್‌ವೈಸರ್. ಅವರ ಪತ್ರದಲ್ಲಿ ಶ್ರದ್ಧೆಯ ಟ್ರೇನಿ, ಇವಳ ಪತ್ರದಲ್ಲಿ ಸಾವಿರಾರು ಜನರ ಹೊಣೆ ಹೊತ್ತ ಮ್ಯಾನೇಜರ್ ಕಂಡರೆ ಸಮಿತಿ ನಂಬುವುದು ಅವರನ್ನು.

ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು. ಪತ್ರದಲ್ಲಿ ಅದು ‘ಬದುಕು ಒಡ್ಡಿದ ಸವಾಲುಗಳು ನನ್ನನ್ನು ಗಟ್ಟಿಗೊಳಿಸಿದವು’ ಎಂದಾಗಿತ್ತು. ಅಂಕಪಟ್ಟಿ ಮುಂದಿಟ್ಟುಕೊಂಡವರಿಗೆ ಇದು ಒಗಟು. ‘ಮೂರನೇ ಸೆಮಿಸ್ಟರಿನಲ್ಲಿ ಗಣಿತ ಫೇಲಾಯಿತು, ಮುಂದಿನ ಪರೀಕ್ಷೆಯಲ್ಲಿ ಪಾಸಾದೆ, ನಂತರದ ಎರಡು ಗಣಿತ ಪತ್ರಿಕೆಗಳಲ್ಲಿ ಮೊದಲ ದರ್ಜೆಯ ಅಂಕ ಬಂದಿದೆ’ ಎಂದು ಬರೆದು ಮುಂದೆ ಹೋದೆವು.

ಕೊನೆಯ ಪ್ಯಾರಾ, ಅಂದರೆ ‘ನಿಮ್ಮಲ್ಲಿಗೇ ಯಾಕೆ’ ಎನ್ನುವುದು, ಎಲ್ಲರ ಪತ್ರದಲ್ಲೂ ಅತಿ ಸೊರಗಿದ ಭಾಗ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ವಿಶ್ವವಿದ್ಯಾಲಯದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿ ಓದಿ. ಏನೂ ವ್ಯತ್ಯಾಸವಾಗದಿದ್ದರೆ ಆ ಪ್ಯಾರಾ ಅವರಿಗಾಗಿ ಬರೆದದ್ದಲ್ಲ. ‘ವಿಶ್ವವಿಖ್ಯಾತ ಬೋಧಕವರ್ಗ, ಅತ್ಯಾಧುನಿಕ ಪ್ರಯೋಗಾಲಯ’ ಎಂಬ ಸಾಲು ಎಲ್ಲಿಗೆ ಬೇಕಾದರೂ ಹೊಂದುವ ಬಾಡಿಗೆ ಕೋಟಿನಂಥದ್ದು. ಇವಳು ವೆಬ್‌ಸೈಟಿನಿಂದ ಮೂವರು ಪ್ರಾಧ್ಯಾಪಕರ ಹೆಸರು ಎತ್ತಿ ಹಾಕಿದ್ದಳು. ಒಬ್ಬರ ಕೆಲಸ ಗಾಳಿಯ ಮಾಲಿನ್ಯದ್ದು, ಇನ್ನೊಬ್ಬರ ಪೇಪರನ್ನು ಇವಳು ಕಂಡೇ ಇರಲಿಲ್ಲ. ಇಬ್ಬರನ್ನೂ ತೆಗೆದೆವು. ಉಳಿದ ಒಬ್ಬರ ಪೇಪರ್ ಒಂದನ್ನು ಅವಳು ನಿಜಕ್ಕೂ ಓದಿ ಬಂದಳು. ಬೈಕಾರ್ಬನೇಟ್ ಇದ್ದಾಗ ಹೀರುಪುಡಿಯ ಸಾಮರ್ಥ್ಯ ಹೇಗೆ ತಗ್ಗುತ್ತದೆಂದು ಅಳೆದ ಪೇಪರ್ ಅದು. ‘ನಮ್ಮ 1.8ಕ್ಕೆ ಅದೇ ಕಾರಣವೋ ಎಂದು ಪರೀಕ್ಷಿಸುವ ಕ್ರಮ ಈ ಪೇಪರಿನಲ್ಲಿ ಸಿಕ್ಕಿತು’ ಎಂದು ಒಂದೇ ಸಾಲು ಬರೆದಳು. ಬೇರೆ ವಿಶ್ವವಿದ್ಯಾಲಯದ ಅರ್ಜಿಗೆ ಈ ಸಾಲು ಹೊಂದುವುದಿಲ್ಲ, ಅಲ್ಲಿಗೆ ಬೇರೆ ಓದಬೇಕು. ಹತ್ತು ಕಡೆ ಅರ್ಜಿ ಹಾಕುವವರಿಗೆ ಇದು ದೊಡ್ಡ ಕೆಲಸವೇ. ಐದು ಕಡೆ ಹಾಕಿ ಎನ್ನುತ್ತೇನೆ, ಯಾರೂ ಕೇಳುವುದಿಲ್ಲ. ತಾಯ್ನಾಡಿನ ಸೇವೆಯ ಸಾಲೂ ಹೋಯಿತು. ಅದರ ಬದಲು, ಓದು ಮುಗಿದ ಮೇಲೆ ಕುಡಿಯುವ ನೀರಿನ ಶುದ್ಧೀಕರಣ ಘಟಕಗಳ ವಿನ್ಯಾಸದಲ್ಲಿ ಕೆಲಸ ಮಾಡುವ ಇಷ್ಟವಿದೆ ಎಂದು ಅವಳು ಬರೆದುಕೊಂಡಳು. ಎಲ್ಲಿ ಎಂದು ಅವಳಿಗೇ ಇನ್ನೂ ಖಚಿತವಿರಲಿಲ್ಲ, ಬರೆಯಲೂ ಇಲ್ಲ.

ತಿದ್ದುವವನು ಎಲ್ಲಿ ಕೈ ತಡೆಯಬೇಕೆಂಬ ಮಾತೂ ಇದೆ. ಕ್ಲೀಷೆ ತೆಗೆಯುವ ಹುರುಪಿನಲ್ಲಿ ಪತ್ರವನ್ನು ಒಣ ವರದಿ ಮಾಡಿಬಿಡುವುದುಂಟು, ಇಲ್ಲವೇ ಅರ್ಜಿದಾರಳ ಇಂಗ್ಲಿಷನ್ನು ಕಿತ್ತುಹಾಕಿ ತನ್ನದನ್ನು ತುಂಬಿಬಿಡುವುದುಂಟು. ‘ಮಷಿನ್ ನನಗೆ ಸುಳ್ಳು ಹೇಳುತ್ತಿದೆ ಎಂದುಕೊಂಡೆ’ ಎಂದು ಅವಳು ಒಂದು ಕರಡಿನಲ್ಲಿ ಬರೆದಿದ್ದಳು. ನಾನು ಅದನ್ನು ‘ಉಪಕರಣದ ದೋಷ’ ಮಾಡಿದ್ದೆ. ಮೇಲೆ ಕೊಟ್ಟ ಪ್ಯಾರಾದಲ್ಲಿರುವುದು ಅದೇ. ಕಳಿಸುವ ಮುಂಚೆ ಅವಳು ತನ್ನ ಸಾಲನ್ನೇ ವಾಪಸ್ ಹಾಕಿದಳು, ಒಳ್ಳೆಯದನ್ನೇ ಮಾಡಿದಳು. ನಾನು ಎಂದೂ ಮಾಡಬಾರದ್ದೆಂದು ಇಟ್ಟುಕೊಂಡಿರುವುದು ಇನ್ನೊಂದು: ಅರ್ಜಿದಾರರು ಹೇಳದ ಒಂದು ವಿವರವನ್ನೂ, ಅದು ಎಷ್ಟೇ ಚೆನ್ನಾಗಿ ಹೊಂದಲಿ, ಸೇರಿಸುವುದಿಲ್ಲ. ಮಾವನ ಊರಿನ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದನ್ನು ನೀನು ನೋಡಿರಬೇಕಲ್ಲ ಎಂದು ಕೇಳುವ ಮನಸ್ಸಾಗಿತ್ತು. ಹಾಗೆ ಕೇಳಿದರೆ ‘ಹೌದು ಸರ್’ ಎಂಬ ಉತ್ತರವೇ ಬರುತ್ತದೆ, ಮರುದಿನದ ಕರಡಿನಲ್ಲಿ ಮಕ್ಕಳು ಬಂದು ನಿಲ್ಲುತ್ತಾರೆ. “ಅಲ್ಲಿ ಏನು ನೋಡಿದೆ?” ಎಂದಷ್ಟೇ ಕೇಳಿದೆ. ಕೈಪಂಪಿನ ಮುಂದೆ ಕೊಡಗಳ ಸಾಲು, ನಮ್ಮ ಬಾಟಲಿ ತುಂಬಲು ಜಾಗ ಬಿಟ್ಟರು ಎಂದಳು. ಅದು ಪತ್ರಕ್ಕೆ ಬೇಕಾಗಲಿಲ್ಲ.

ಮೊದಲ ಕರಡು ಸಾವಿರ ಪದ ಮೀರಿತ್ತು, ಕೊನೆಯದು ಏಳುನೂರರ ಹತ್ತಿರ ಬಂತು. ಕಳಿಸುವ ಮುಂಚೆ ಪ್ರಾಜೆಕ್ಟಿನ ಪ್ಯಾರಾವನ್ನು ತಂಡದ ಉಳಿದ ಮೂವರಿಗೆ ತೋರಿಸಲು ಹೇಳಿದೆ. ಅವರೂ ಅರ್ಜಿ ಹಾಕುವವರಿರಬಹುದು. ನಾಲ್ಕು ಪತ್ರಗಳಲ್ಲಿ ನಾಲ್ಕು ‘ನೇತೃತ್ವ’ ಒಂದೇ ವಿಭಾಗದ ಮೇಜಿಗೆ ಹೋಗಿ ಬಿದ್ದದ್ದುಂಟು. ಇದ್ದಿಲು ಮಾಡಿದ್ದ ಹುಡುಗ ಸಂಜೆಯೇ ಉತ್ತರಿಸಿದ: ಉಳಿದದ್ದೆಲ್ಲ ಸರಿಯಾಗಿದೆ, ಆದರೆ ಬೋರ್‌ವೆಲ್ 12 ಅಲ್ಲ, 11. ಒಂದು ಬಾಟಲಿ ಬಸ್ಸಿನಲ್ಲಿ ಚೆಲ್ಲಿಹೋಗಿತ್ತಲ್ಲ, ಅದನ್ನು ಅಳೆಯಲೇ ಇಲ್ಲ.